ಟ್ಯಾಂಕಿನಲ್ಲಿ ಮೊದಲೇ ಎಷ್ಟಿತ್ತು?

ಮೋಟಾರ್ ಹಾಕಿ ಮರೆತವರು ನಮ್ಮಲ್ಲಿ ಯಾರಿಲ್ಲ? ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರುತ್ತಿರುತ್ತದೆ, ಅಷ್ಟರಲ್ಲಿ ಫೋನು ಬರುತ್ತದೆ, ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ಕೂಗಿದಾಗಲೇ ಎಚ್ಚರ. ಒಂದಿಷ್ಟು ನೀರು ಪೋಲಾಗುತ್ತದೆ, ಪಕ್ಕದವರು ಎರಡು ದಿನ ಮುಖ ಗಂಟಿಕ್ಕಿಕೊಂಡಿರುತ್ತಾರೆ, ಅಷ್ಟೇ. ಈಗ ಅದೇ ಸಂಪಿನಲ್ಲಿ ನೀರಿನ ಬದಲು ಟೊಲುಯೀನ್ ಇದೆ ಎಂದುಕೊಳ್ಳಿ. ಪೇಂಟಿನ ಥಿನ್ನರ್ ಡಬ್ಬಿ ತೆರೆದಾಗ ಮೂಗಿಗೆ ಹೊಡೆಯುವ ವಾಸನೆಯಲ್ಲಿ ಬಹಳ ಸಲ ಇದರದೂ ಪಾಲಿರುತ್ತದೆ. ಔಷಧಗಳ ಕಚ್ಚಾವಸ್ತು ತಯಾರಿಸುವ ಕಾರ್ಖಾನೆಗಳಲ್ಲಿ ಇದನ್ನು ದ್ರಾವಕವಾಗಿ ಕಿಲೋಲೀಟರ್ ಲೆಕ್ಕದಲ್ಲಿ ಬಳಸುತ್ತಾರೆ.

ಅಂಥದೊಂದು ಕಾರ್ಖಾನೆಯಲ್ಲಿ, ಬೀದರ್ ಜಿಲ್ಲೆಯಲ್ಲಿ, ನಾಲ್ಕು ದಿನ ಒಂದು ಮೇಜಿನ ಸುತ್ತ ಕುಳಿತಿದ್ದೆ. ಕಾರ್ಖಾನೆಯ ಹೆಸರು ಬೇಡ. ಮೇಜಿನ ಮೇಲೆ ಹಾಸಿಗೆಯಷ್ಟು ಅಗಲದ ನಕ್ಷೆ. ಪ್ರತಿಯೊಂದು ಪೈಪು, ವಾಲ್ವು, ಮೀಟರು ಎಲ್ಲಿದೆ ಎಂದು ತೋರಿಸುವ ಈ ನಕ್ಷೆಯನ್ನು ಕಾರ್ಖಾನೆಯವರು ‘ಪಿ ಅಂಡ್ ಐಡಿ’ ಎನ್ನುತ್ತಾರೆ. ನಾವು ಮಾಡುತ್ತಿದ್ದುದು ಹ್ಯಾಜಾಪ್. ಕೆಲಸ ಎಲ್ಲೆಲ್ಲಿ ಕೆಡಬಹುದು, ಕೆಟ್ಟರೆ ಅಪಾಯವೋ ಬರೀ ತೊಂದರೆಯೋ ಎಂದು ಪೈಪು ಪೈಪಿಗೂ ಕೇಳುತ್ತಾ ಹೋಗುವ ಪರಿಶೀಲನೆ ಅದು. ಅಲ್ಲಿನ ಒಂದೇ ಒಂದು ಪೈಪಿನ ಕಥೆಯನ್ನು ಇಲ್ಲಿ ಹೇಳುತ್ತೇನೆ. ಅಂಕಿಗಳನ್ನು ಮಾತ್ರ ಲೆಕ್ಕಕ್ಕೆ ಸುಲಭವಾಗುವಂತೆ ಸರಿದೂಗಿಸಿದ್ದೇನೆ.

ನೆಲಮಟ್ಟದಲ್ಲಿ 20 ಕಿಲೋಲೀಟರಿನ ಸಂಗ್ರಹ ಟ್ಯಾಂಕ್. ಅದರ ಬುಡದಿಂದ ಹೊರಟ ಪೈಪಿಗೆ ಒಂದು ವಾಲ್ವ್, ಕಸ ಹಿಡಿಯುವ ಸ್ಟ್ರೈನರ್, ಪಂಪು. ಪಂಪಿನ ಮುಂದೆ ದ್ರವ ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್, ಆಮೇಲೆ ಎಷ್ಟು ಲೀಟರ್ ಹೋಯಿತೆಂದು ಎಣಿಸುವ ಮೀಟರು. ಅಲ್ಲಿಂದ 50 ಮಿಲಿಮೀಟರ್ ವ್ಯಾಸದ ಪೈಪು 60 ಮೀಟರ್ ಓಡಿ, ಎರಡನೇ ಮಹಡಿಯಲ್ಲಿರುವ 5 ಕಿಲೋಲೀಟರಿನ ಡೇ ಟ್ಯಾಂಕ್ ಸೇರುತ್ತದೆ. ಒಂದು ಬ್ಯಾಚಿಗೆ 4,000 ಲೀಟರ್ ಬೇಕು. ಪಂಪು ಗಂಟೆಗೆ 10,000 ಲೀಟರ್ ಏರಿಸುತ್ತದೆ, ಅಂದರೆ 24 ನಿಮಿಷದ ಕೆಲಸ. ಮೀಟರು 4,000 ಎಣಿಸಿದ ಕೂಡಲೇ ಪಂಪು ತಾನಾಗಿ ನಿಲ್ಲುತ್ತದೆ. ಸಂಪು, ಮೋಟಾರು, ಮಹಡಿ ಟ್ಯಾಂಕು. ನಮ್ಮ ಮನೆಯದೇ ವ್ಯವಸ್ಥೆ, ಮೇಲೊಂದು ಎಣಿಸುವ ಯಂತ್ರ.

ನೋಡಿದವರು ‘ಇದರಲ್ಲಿ ಕೆಡುವುದೇನಿದೆ’ ಎನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಈ ಪದ್ಧತಿ ಹುಟ್ಟಿದ್ದು ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ. 1963ರಲ್ಲಿ ಅಲ್ಲಿ ಹೊಸ ಫೀನಾಲ್ ಘಟಕವೊಂದರ ವಿನ್ಯಾಸ ನಡೆದಿತ್ತು. ಮೂವರ ತಂಡವೊಂದು ವಾರಕ್ಕೆ ಮೂರು ದಿನದಂತೆ ನಾಲ್ಕು ತಿಂಗಳು ಕುಳಿತು, ಕಾಗದದ ಮೇಲಿದ್ದ ಆ ಘಟಕವನ್ನು ಪ್ರಶ್ನೆ ಕೇಳಿ ಕೇಳಿ ಕೆದಕಿತು. ಆ ಪ್ರಶ್ನೆಗಳೇ ಮುಂದೆ ಒಂದು ಕ್ರಮಕ್ಕೆ ಬಂದವು. ಅದೇ ಕಂಪನಿಯಲ್ಲಿದ್ದ ಟ್ರೆವರ್ ಕ್ಲೆಟ್ಜ್ ತಮ್ಮ ಪುಸ್ತಕ, ಪಾಠಗಳ ಮೂಲಕ ಅದನ್ನು ಜಗತ್ತಿಗೆಲ್ಲ ತಿಳಿಸಿದರು. 2001ರಲ್ಲಿ ಐಇಸಿ 61882 ಎಂಬ ಅಂತರರಾಷ್ಟ್ರೀಯ ಮಾನಕವೂ ಬಂತು.

ಕ್ರಮ ಬಹಳ ಸರಳ. ಮೊದಲು ಇಡೀ ಕಾರ್ಖಾನೆಯನ್ನು ಸಣ್ಣ ತುಂಡುಗಳಾಗಿ ಮಾಡಿಕೊಳ್ಳಬೇಕು. ಒಂದೊಂದು ತುಂಡಿಗೆ ‘ನೋಡ್’ ಎಂದು ಹೆಸರು. ನಮ್ಮ ಪೈಪು ಒಂದು ನೋಡ್. ಅದು ಮಾಡಬೇಕಾದ ಕೆಲಸವೇನು ಎಂದು ಒಂದು ವಾಕ್ಯದಲ್ಲಿ ಬರೆಯಬೇಕು: ಸಾಮಾನ್ಯ ಉಷ್ಣತೆಯ ಶುದ್ಧ ಟೊಲುಯೀನನ್ನು 24 ನಿಮಿಷದಲ್ಲಿ 4,000 ಲೀಟರ್ ಡೇ ಟ್ಯಾಂಕಿಗೆ ಏರಿಸುವುದು. ಆ ಮೇಲೆ ಈ ವಾಕ್ಯವನ್ನು ಏಳೆಂಟು ಪದ ಹಿಡಿದು ಕೆಡಿಸಬೇಕು. ಇಲ್ಲ, ಹೆಚ್ಚು, ಕಡಿಮೆ, ತಿರುಗುಮುರುಗು, ಜೊತೆಗೆ ಇನ್ನೇನೋ, ಅರ್ಧಂಬರ್ಧ, ಬೇರೆಯದೇ. ಇವೇ ‘ಗೈಡ್ ವರ್ಡ್’ಗಳು. ಹರಿವು, ಒತ್ತಡ, ಉಷ್ಣತೆ, ಮಟ್ಟ ಇವುಗಳ ಜೊತೆ ಒಂದೊಂದನ್ನೇ ಜೋಡಿಸಿದರೆ ಕೆಲಸ ಹಾದಿ ತಪ್ಪುವ ಬಗೆಗಳು ಹುಟ್ಟುತ್ತವೆ: ಹರಿವು ಇಲ್ಲ, ಮಟ್ಟ ಹೆಚ್ಚು, ಹರಿವು ಹಿಮ್ಮುಖ. ಇವನ್ನು ‘ಡೀವಿಯೇಷನ್’ ಎನ್ನುತ್ತಾರೆ. ಒಂದೊಂದಕ್ಕೂ ಕೇಳುವ ಪ್ರಶ್ನೆ ಇಷ್ಟೇ: ಹೀಗಾಗಲು ಕಾರಣವೇನು, ಆದರೆ ಏನಾಗುತ್ತದೆ, ತಡೆಯಲು ಈಗ ಏನಿದೆ, ಅದು ಸಾಕೇ?

ಮೊದಲ ಪದ ‘ಇಲ್ಲ’. ಹರಿವು ಇಲ್ಲ ಎಂದರೆ ಏನು ಕಾರಣ? ಸಂಗ್ರಹ ಟ್ಯಾಂಕ್ ಖಾಲಿ, ಸ್ಟ್ರೈನರ್ ಕಟ್ಟಿಕೊಂಡಿದೆ, ಪಂಪು ನಿಂತಿದೆ, ಮೇಲಿನ ವಾಲ್ವ್ ಮುಚ್ಚಿದೆ. ಬ್ಯಾಚ್ ತಡವಾಗುತ್ತದೆ ಎಂದು ಬರೆದು ಮುಂದೆ ಹೋಗುವವರಿದ್ದೆವು. ಕೊನೆಯ ಕಾರಣದ ಹತ್ತಿರ ನಿರ್ವಹಣೆ ವಿಭಾಗದವರು ತಡೆದರು. ಮುಂದಿನ ವಾಲ್ವ್ ಮುಚ್ಚಿದ್ದರೂ ಈ ಜಾತಿಯ ಪಂಪು ತಿರುಗುತ್ತಲೇ ಇರುತ್ತದೆ. ಒಳಗಿದ್ದ ನಾಲ್ಕಾರು ಲೀಟರ್ ದ್ರವವನ್ನೇ ಕಡೆಯುತ್ತಾ ಬಿಸಿ ಮಾಡುತ್ತದೆ. ಬಿಸಿಗೆ ಸೀಲು ಹೋಗಿ ಟೊಲುಯೀನ್ ಆವಿ ಹೊರಬರುತ್ತದೆ. ಹರಿವೇ ಇಲ್ಲದಿರುವಾಗ ಮೀಟರು 4,000 ಎಣಿಸುವುದೂ ಇಲ್ಲ, ಪಂಪು ನಿಲ್ಲುವುದೂ ಇಲ್ಲ. ಪಂಪು ಶುರುವಾಗಿ ಒಂದು ನಿಮಿಷದೊಳಗೆ ಹರಿವು ಕಾಣದಿದ್ದರೆ ಅದು ನಿಲ್ಲಬೇಕು ಎಂದು ಬರೆದುಕೊಂಡೆವು.

‘ಮಟ್ಟ ಹೆಚ್ಚು’ ಎಂಬಲ್ಲಿಗೆ ಬಂದಾಗ ಎಲ್ಲರಿಗೂ ಊಟದ ಹೊತ್ತು. ಡೇ ಟ್ಯಾಂಕ್ ತುಂಬಿ ಚೆಲ್ಲಬಹುದೇ? ಇನ್‌ಸ್ಟ್ರುಮೆಂಟ್ ವಿಭಾಗದ ಯುವಕ ಸಾಧ್ಯವಿಲ್ಲ ಎಂದ. ಟ್ಯಾಂಕ್ 5,000ದ್ದು, ಮೀಟರು 4,000ಕ್ಕೆ ನಿಲ್ಲಿಸುತ್ತದೆ. ಮೀಟರು ಕೆಟ್ಟರೂ 4,500ಕ್ಕೆ ಅಲಾರಂ ಹೊಡೆಯುತ್ತದೆ. ಮಾತು ಸರಿಯಾಗಿಯೇ ಇತ್ತು. ತಂಡದ ನಾಯಕರು ಮೇಜಿನ ಕೊನೆಯಲ್ಲಿ ಸುಮ್ಮನೆ ಕೂತಿದ್ದ ಶಿಫ್ಟ್ ಆಪರೇಟರ್ ಕಡೆ ತಿರುಗಿದರು. ಅವರು ಸ್ವಲ್ಪ ಹಿಂಜರಿದು ಹೇಳಿದರು: “ಹೋದ ಬ್ಯಾಚಿಂದು ಟ್ಯಾಂಕಿನ್ಯಾಗ ಉಳಿದಿರ್ತದಲ್ರೀ ಸರ.”

ಎಷ್ಟು ಉಳಿದಿರುತ್ತದೆ?

“ಒಮ್ಮೊಮ್ಮೆ ಸಾವಿರ. ಸಾವಿರದ ಇನ್ನೂರೂ ಇರ್ತದ್ರಿ.”

ಊಟ ಅರ್ಧ ಗಂಟೆ ಮುಂದಕ್ಕೆ ಹೋಯಿತು. ಟ್ಯಾಂಕಿನಲ್ಲಿ 1,200 ಇದ್ದು ಮೀಟರು ತನ್ನ ಕೆಲಸ ತಪ್ಪದೆ 4,000 ಎಣಿಸಿ ಕೊಟ್ಟರೆ 5,200 ಆಗುತ್ತದೆ, ಟ್ಯಾಂಕ್ ಹಿಡಿಯುವುದು 5,000. ಯಾವ ಯಂತ್ರವೂ ಕೆಡದೆ, ಯಾರೂ ತಪ್ಪು ಮಾಡದೆ 200 ಲೀಟರ್ ಹೊರಗೆ. ಎಣಿಸುವ ಮೀಟರಿಗೆ ತಾನು ಕಳಿಸಿದ್ದು ಗೊತ್ತು, ಅಲ್ಲಿ ಮೊದಲೇ ಎಷ್ಟಿತ್ತೆಂದು ಗೊತ್ತಿಲ್ಲ. ಇನ್ನು ಅಲಾರಂ. 4,500ಕ್ಕೆ ಹೊಡೆದ ಮೇಲೆ ಟ್ಯಾಂಕ್ ತುಂಬಲು 500 ಲೀಟರ್ ಬಾಕಿ. ನಿಮಿಷಕ್ಕೆ ಸುಮಾರು 167 ಲೀಟರ್ ಏರುವಾಗ ಅದು ಮೂರು ನಿಮಿಷದ ಮಾತು. ಅಲಾರಂ ಹೊಡೆಯುವುದು ಕೆಳಗಿನ ಕಂಟ್ರೋಲ್ ರೂಮಿನಲ್ಲಿ. ಆಪರೇಟರ್ ಆ ಹೊತ್ತಿಗೆ ಇನ್ನೊಂದು ರಿಯಾಕ್ಟರಿನ ಬಾಯಲ್ಲಿ ಪುಡಿ ಸುರಿಯುತ್ತಿರುತ್ತಾರೆ, ಮುಖಕ್ಕೆ ಮಾಸ್ಕ್ ಬೇರೆ. ಆ ಮೂರು ನಿಮಿಷದಲ್ಲಿ ಅಲಾರಂ ಕೇಳಿ, ಇಳಿದು ಬಂದು, ಪಂಪು ನಿಲ್ಲಿಸಬೇಕು.

ಚೆಲ್ಲಿದರೆ ಎಲ್ಲಿಗೆ ಹೋಗುತ್ತದೆ? ಟ್ಯಾಂಕಿನ ವೆಂಟ್ ಪೈಪಿನ ಮೂಲಕ. ನಕ್ಷೆಯಲ್ಲಿ ಆ ಪೈಪಿನ ತುದಿಗೆ ‘ಸುರಕ್ಷಿತ ಸ್ಥಳಕ್ಕೆ’ ಎಂದು ಬರೆದಿತ್ತು. ಇಂಜಿನಿಯರಿಂಗ್ ನಕ್ಷೆಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಅನುಮಾನ ಹುಟ್ಟಿಸುವ ಎರಡು ಪದಗಳಿವು. ಎಲ್ಲರೂ ಎದ್ದು ಹೋಗಿ ನೋಡಿದೆವು. ಪೈಪು ಗೋಡೆಯಿಂದಾಚೆ ಬಂದು ಕೆಳಮುಖವಾಗಿ ಬಾಗಿತ್ತು. ಕೆಳಗೆ ಡೀಸೆಲ್ ಜನರೇಟರಿನ ಶೆಡ್ಡು. ಟೊಲುಯೀನಿನ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ನೆಲಕ್ಕಿಳಿದು ಹರಡಿ ಕಿಡಿ ಹುಡುಕಿಕೊಂಡು ಹೋಗುವ ಜಾತಿ ಅದು.

ಚರ್ಚೆಯ ಕೊನೆಗೆ ಮೂರು ಮಾತು ಬರೆದೆವು. ಪಂಪು ಶುರು ಮಾಡುವ ಮೊದಲು ಟ್ಯಾಂಕಿನ ಮಟ್ಟ 800 ಲೀಟರಿಗಿಂತ ಕೆಳಗಿಲ್ಲದಿದ್ದರೆ ಪಂಪು ಶುರುವಾಗಲೇಬಾರದು. ಮಟ್ಟ ತೋರಿಸುವ ಮೀಟರಿಗೆ ಸಂಬಂಧವೇ ಇಲ್ಲದ ಇನ್ನೊಂದು ಸ್ವಿಚ್ಚು ಮೇಲ್ಮಟ್ಟದಲ್ಲಿದ್ದು, ಅದು ಯಾರನ್ನೂ ಕೇಳದೆ ಪಂಪು ನಿಲ್ಲಿಸಬೇಕು. ವೆಂಟಿನ ತುದಿ ಬೇರೆ ಕಡೆ ತಿರುಗಬೇಕು.

ಆ ‘ಸಂಬಂಧವೇ ಇಲ್ಲದ’ ಎಂಬ ಮಾತಿಗೆ ಕಾರಣವಿದೆ. ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಇಂಧನ ಡಿಪೋದಲ್ಲಿ 2005ರ ಡಿಸೆಂಬರ್ 11ರ ಬೆಳಗಿನ ಜಾವ 912ನೇ ಟ್ಯಾಂಕಿಗೆ ಪೆಟ್ರೋಲ್ ತುಂಬುತ್ತಿತ್ತು. ಮಟ್ಟದ ಮೀಟರಿನ ಮುಳ್ಳು ಒಂದೆಡೆ ಸಿಕ್ಕಿಕೊಂಡಂತೆ ಅದರ ಅಂಕಿ ಅಲ್ಲೇ ನಿಂತಿತು, ಟ್ಯಾಂಕ್ ಮಾತ್ರ ತುಂಬುತ್ತಲೇ ಹೋಯಿತು. ಮೇಲ್ಮಟ್ಟದಲ್ಲಿ ಪ್ರತ್ಯೇಕ ಸ್ವಿಚ್ಚೇನೋ ಇತ್ತು. ಆದರೆ ಅದನ್ನು ಪರೀಕ್ಷಿಸುವ ಸನ್ನೆಯನ್ನು ಸರಿಯಾದ ಜಾಗದಲ್ಲಿ ಹಿಡಿದಿಡಲು ಒಂದು ಬೀಗ ಹಾಕಬೇಕಿತ್ತು, ಹಾಕಿರಲಿಲ್ಲ. ಆ ಬೀಗ ಯಾತಕ್ಕೆಂದು ಅಲ್ಲಿದ್ದವರಿಗೆ ತಿಳಿದಿರಲಿಲ್ಲ. ಸ್ವಿಚ್ಚು ಕೆಲಸ ಮಾಡಲಿಲ್ಲ. ಪೆಟ್ರೋಲ್ ಚೆಲ್ಲಿ, ಆವಿಯ ಮೋಡವಾಗಿ, ಆರು ಗಂಟೆಯ ಸುಮಾರಿಗೆ ಸ್ಫೋಟಿಸಿತು. ಭಾನುವಾರವಾದ್ದರಿಂದ ಜನ ಕಡಿಮೆಯಿದ್ದರು, ಯಾರೂ ಸಾಯಲಿಲ್ಲ, ನಲವತ್ತಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ಹ್ಯಾಜಾಪ್ ಹಾಳೆಯಲ್ಲಿ ‘ತಡೆ ಏನಿದೆ’ ಎಂಬ ಅಂಕಣಕ್ಕೆ ಸ್ವಿಚ್ಚಿನ ಹೆಸರು ಬರೆದರಷ್ಟೇ ಸಾಲದು, ಅದನ್ನು ಎಷ್ಟು ತಿಂಗಳಿಗೊಮ್ಮೆ ಯಾರು ಪರೀಕ್ಷಿಸುತ್ತಾರೆ ಎಂದೂ ಬರೆಯಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮುಂದಿನ ಪದ ‘ತಿರುಗುಮುರುಗು’. ಹಿಮ್ಮುಖ ಹರಿವು ಅರ್ಥವಾಗಬೇಕಾದರೆ ಡೇ ಟ್ಯಾಂಕಿನೊಳಗೆ ಸ್ವಲ್ಪ ಇಣುಕಬೇಕು. ಟೊಲುಯೀನ್ ವಿದ್ಯುತ್ತನ್ನು ಸುಲಭವಾಗಿ ಹಾಯಗೊಡುವುದಿಲ್ಲ. ಪೈಪಿನಲ್ಲಿ ಉಜ್ಜಿಕೊಂಡು ಹರಿಯುವಾಗ, ಮೇಲಿಂದ ಚಿಮ್ಮಿ ಬೀಳುವಾಗ ಅದರಲ್ಲಿ ಸ್ಥಿರ ವಿದ್ಯುತ್ತು ಸೇರಿಕೊಳ್ಳುತ್ತದೆ, ಬೇಗ ಇಳಿದುಹೋಗುವುದಿಲ್ಲ. ಚಳಿಗಾಲದಲ್ಲಿ ಸ್ವೆಟರ್ ಬಿಚ್ಚುವಾಗ ಚಟಪಟ ಎನ್ನುವ ಕಿಡಿ ಇದೆಯಲ್ಲ, ಅಂಥದು ಸಾಕು. ಪೆಟ್ರೋಲ್ ಟ್ಯಾಂಕಿನೊಳಗೆ ಸಾಮಾನ್ಯವಾಗಿ ಆವಿ ಎಷ್ಟು ದಟ್ಟವೆಂದರೆ ಉರಿಯಲು ಬೇಕಾದಷ್ಟು ಗಾಳಿಯೇ ಇರುವುದಿಲ್ಲ. ಟೊಲುಯೀನ್ ಹಾಗಲ್ಲ. ನಮ್ಮ ಊರುಗಳ ಸಾಮಾನ್ಯ ಉಷ್ಣತೆಯಲ್ಲಿ ಅದರ ಆವಿ ಗಾಳಿಯೊಂದಿಗೆ ಉರಿಯುವುದಕ್ಕೆ ಹದವಾಗಿ ಬೆರೆತಿರುತ್ತದೆ. ಹಾಗಾಗಿ ದ್ರವ ಮೇಲಿಂದ ಚಿಮ್ಮದಂತೆ, ಒಳಬರುವ ಪೈಪನ್ನು ಟ್ಯಾಂಕಿನ ಬುಡದವರೆಗೂ ಇಳಿಸಿರುತ್ತಾರೆ. ಇದಕ್ಕೆ ಡಿಪ್ ಪೈಪ್ ಎನ್ನುತ್ತಾರೆ. ಅದರ ತುದಿ ಮುಳುಗುವವರೆಗೆ ವೇಗ ಸೆಕೆಂಡಿಗೆ ಒಂದು ಮೀಟರ್ ದಾಟಬಾರದು ಎಂಬುದು ಒಪ್ಪಿತ ನಿಯಮ. ನಮ್ಮ ಪೈಪಿನಲ್ಲಿ ಲೆಕ್ಕ ಹಾಕಿದರೆ 1.4 ಮೀಟರ್ ಬಂತು, ‘ಹರಿವು ಹೆಚ್ಚು’ ಎಂಬ ಸಾಲಿಗೆ ಅದೂ ಸೇರಿತು.

ಈಗ ಪಂಪು ಓಡುವಾಗ ಕರೆಂಟು ಹೋಯಿತು ಎನ್ನಿ. ಡಿಪ್ ಪೈಪಿನ ತುದಿ ದ್ರವದಲ್ಲಿ ಮುಳುಗಿದೆ, ಪೈಪು ತುಂಬಿದೆ, ಇನ್ನೊಂದು ತುದಿ ಹತ್ತು ಮೀಟರ್ ಕೆಳಗಿದೆ. ಸ್ಕೂಟರ್ ಟ್ಯಾಂಕಿನಿಂದ ಕೊಳವೆ ಹಾಕಿ ಪೆಟ್ರೋಲ್ ಎಳೆದವರಿಗೆ ಬೇರೆ ಹೇಳಬೇಕಿಲ್ಲ: ಮೇಲಿನದೆಲ್ಲ ತಾನಾಗಿ ಕೆಳಗಿಳಿಯಲು ಶುರುವಾಗುತ್ತದೆ. ಕಿಡಿ ತಪ್ಪಿಸಲು ಇಟ್ಟ ಡಿಪ್ ಪೈಪೇ ಹಿಮ್ಮುಖ ಹರಿವಿಗೆ ದಾರಿ ಮಾಡಿಕೊಟ್ಟಿತು. ತಡೆಯಲು ನಾನ್ ರಿಟರ್ನ್ ವಾಲ್ವ್ ಇದೆಯಲ್ಲ ಎಂದರು. ಬಾವಿಯ ಪಂಪಿಗೆ ಫುಟ್ ವಾಲ್ವ್ ಹಾಕಿದ ರೈತರಿಗೆ ಅದರ ಸ್ವಭಾವ ಗೊತ್ತು. ಒಂದು ಕಸ ಸಿಕ್ಕಿಕೊಂಡರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಬೆಳಗ್ಗೆ ನೋಡಿದರೆ ಪೈಪು ಖಾಲಿ.

ಮೇಲಿನದು ಕೆಳಗಿನ ಟ್ಯಾಂಕಿಗೆ ಹೋದರೆ ಏನು ನಷ್ಟ ಎಂದು ಯಾರೋ ಕೇಳಿದರು. ಮತ್ತೆ ಆಪರೇಟರ್ ಬಾಯಿಂದ ಒಂದು ಮಾತು ಬಂತು: ಡೇ ಟ್ಯಾಂಕಿಗೆ ಬಳಸಿ ಬಟ್ಟಿ ಇಳಿಸಿದ ಹಳೆ ಟೊಲುಯೀನನ್ನೂ ಇನ್ನೊಂದು ಪೈಪಿನಿಂದ ಬಿಡುತ್ತಾರೆ. ಅದು ಹಿಂದಕ್ಕೆ ಹೋದರೆ 20 ಕಿಲೋಲೀಟರ್ ಹೊಸ ಮಾಲು ಕೆಟ್ಟಂತೆ. ‘ಜೊತೆಗೆ ಇನ್ನೇನೋ’ ಎಂಬ ಪದದ ಉತ್ತರ ಇಲ್ಲೇ ಸಿಕ್ಕಿಬಿಟ್ಟಿತು. ಅದಕ್ಕಿಂತ ಕೆಟ್ಟದ್ದನ್ನು ಫಿಟ್ಟರ್ ಹೇಳಿದರು. ಕರೆಂಟು ಹೋದಾಗಲೇ ಅವರು ಸ್ಟ್ರೈನರ್ ಬಿಚ್ಚಿ ತೊಳೆಯುವುದು. ಸಂಗ್ರಹ ಟ್ಯಾಂಕಿನ ಕಡೆಯ ವಾಲ್ವ್ ಮುಚ್ಚಿರುತ್ತಾರೆ, ಮೇಲಿನಿಂದ ಬರುತ್ತದೆಂದು ಎಂದೂ ಯೋಚಿಸಿರಲಿಲ್ಲ. ನಾನ್ ರಿಟರ್ನ್ ವಾಲ್ವ್ ಸೋರುತ್ತಿದ್ದರೆ ಬಿಚ್ಚಿದ ಫ್ಲೇಂಜಿನಿಂದ ಮೇಲಿನ ಟ್ಯಾಂಕಿನದು ಅವರ ಮೈಮೇಲೆ.

ಪರಿಹಾರ ಬಹಳ ಅಗ್ಗದ್ದು. ಡಿಪ್ ಪೈಪಿಗೆ ಟ್ಯಾಂಕಿನೊಳಗೆ ಮೇಲ್ಭಾಗದಲ್ಲಿ ಒಂದು ಸಣ್ಣ ತೂತು ಕೊರೆದರೆ ಅಲ್ಲಿಂದ ಗಾಳಿ ಎಳೆದುಕೊಂಡು ಸರಪಳಿ ಕಡಿಯುತ್ತದೆ. ಆಮೇಲೆ ಒಬ್ಬರು ಲೆಕ್ಕ ತೆಗೆದರು: ಸರಪಳಿ ಕಡಿದರೂ 60 ಮೀಟರ್ ಪೈಪಿನೊಳಗೇ 118 ಲೀಟರ್ ಇರುತ್ತದೆ, ಅದಂತೂ ಇಳಿಯುವುದೇ. ಹಾಗಾಗಿ ಸ್ಟ್ರೈನರ್ ಬಿಚ್ಚುವ ಮೊದಲು ಎರಡೂ ಕಡೆಯ ವಾಲ್ವ್ ಮುಚ್ಚಿ, ನಡುವಿನದನ್ನು ಡ್ರಮ್ಮಿಗೆ ಬಸಿಯಬೇಕು. ಬಸಿಯಲು ಅಲ್ಲೊಂದು ಡ್ರೈನ್ ವಾಲ್ವೇ ಇರಲಿಲ್ಲ.

‘ಬೇರೆಯದೇ’ ಎಂಬ ಪದ ಬಂದಾಗ ಜನ ನಗುತ್ತಾರೆ. ಟೊಲುಯೀನ್ ಪೈಪಿನಲ್ಲಿ ಬೇರೆಯದು ಹೇಗೆ ಬಂದೀತು? ಅಮೆರಿಕದ ಕನ್ಸಾಸ್ ರಾಜ್ಯದ ಆಚಿಸನ್ ಪಟ್ಟಣದಲ್ಲಿ 2016ರ ಅಕ್ಟೋಬರ್ 21ರ ಬೆಳಗ್ಗೆ ಬಂತು. ಎಂಜಿಪಿ ಇನ್‌ಗ್ರೀಡಿಯೆಂಟ್ಸ್ ಎಂಬ ಕಾರ್ಖಾನೆಗೆ ಸಲ್ಫ್ಯೂರಿಕ್ ಆಮ್ಲದ ಟ್ಯಾಂಕರ್ ಬಂದಿತ್ತು. ಆಮ್ಲ ತುಂಬುವ ಪೈಪಿನ ಬಾಯಿಗೂ ಬ್ಲೀಚಿಂಗ್ ದ್ರಾವಣ ತುಂಬುವ ಪೈಪಿನ ಬಾಯಿಗೂ ಇದ್ದ ಅಂತರ ಒಂದೂವರೆ ಅಡಿ, ನೋಡಲು ಎರಡೂ ಒಂದೇ ಥರ. ಆಮ್ಲದ ಬೀಗ ತೆಗೆದುಕೊಟ್ಟು ಆಪರೇಟರ್ ಹೋದರು, ಪಕ್ಕದ ಪೈಪಿನ ಬೀಗವೂ ತೆರೆದೇ ಇತ್ತು. ಚಾಲಕ ಕೊಳವೆಯನ್ನು ಪಕ್ಕದ್ದಕ್ಕೆ ಜೋಡಿಸಿದ. ಸುಮಾರು 4,000 ಗ್ಯಾಲನ್ ಆಮ್ಲ ಬ್ಲೀಚಿನ ಟ್ಯಾಂಕಿಗೆ ಹೋಗಿ, ಕ್ಲೋರಿನ್ ಕೂಡಿದ ಹಸಿರು-ಹಳದಿ ಮೋಡ ಊರಿನ ಮೇಲೆ ಹಬ್ಬಿತು. 140ಕ್ಕೂ ಹೆಚ್ಚು ಜನ ಆಸ್ಪತ್ರೆಯ ದಾರಿ ಹಿಡಿದರು. ಇದನ್ನು ಹೇಳಿದ ಮೇಲೆ ನಮ್ಮ ಮೇಜಿನಲ್ಲಿ ನಗು ನಿಂತು, ಟ್ಯಾಂಕರ್ ಇಳಿಸುವ ಜಾಗದಲ್ಲಿ ಟೊಲುಯೀನಿಗೂ ಮೆಥನಾಲಿಗೂ ಒಂದೇ ಅಳತೆಯ ಕೊಳವೆ ಇದೆ ಎಂಬುದು ಹೊರಬಂತು. ಕೊಳವೆಯ ಬಾಯಿಯ ಅಳತೆಯನ್ನೇ ಬೇರೆ ಬೇರೆ ಮಾಡಬೇಕು ಎಂದು ಬರೆದೆವು. ಬೋರ್ಡು ಹಾಕಿದರೆ ಸಾಕು ಎಂಬ ಸಲಹೆಯೂ ಇತ್ತು. ಬೋರ್ಡಿಗೆ ಕೈ ಹಿಡಿದು ತಡೆಯುವ ಶಕ್ತಿಯಿಲ್ಲ, ಹೊಂದದ ಕೊಳವೆಗೆ ಇದೆ.

ಒಂದು ಪೈಪಿಗೆ ಇಷ್ಟೆಲ್ಲ ಆಗುವಾಗ ಅರ್ಧ ದಿನ ಹೋಗಿತ್ತು. ಹ್ಯಾಜಾಪ್ ಬೇಸರದ ಕೆಲಸ, ಅದನ್ನು ಮುಚ್ಚಿಡಬೇಕಿಲ್ಲ. ಮಧ್ಯಾಹ್ನ ಮೂರರ ಮೇಲೆ ಎಲ್ಲ ಡೀವಿಯೇಷನ್ನಿಗೂ ‘ಕಾರಣ ಕಂಡುಬಂದಿಲ್ಲ’ ಎಂಬ ಉತ್ತರ ಬರಲು ಶುರುವಾದರೆ ತಂಡಕ್ಕೆ ದಣಿವಾಗಿದೆ ಎಂದರ್ಥ, ನಿಲ್ಲಿಸಿ ಮನೆಗೆ ಹೋಗುವುದು ಲೇಸು. ಹಾಳೆಯ ತುಂಬ ‘ಆಪರೇಟರ್ ಗಮನಿಸುತ್ತಾರೆ’ ಎಂದೇ ಬರೆದಿರುವ ವರದಿಗಳನ್ನೂ ನೋಡಿದ್ದೇನೆ. ಅಂಥ ಒಂದು ಕಡೆ ತಂಡದಲ್ಲಿ ಆಪರೇಟರೇ ಇರಲಿಲ್ಲ, ಶಿಫ್ಟ್ ಬಿಡಿಸಲು ಆಗಲಿಲ್ಲವಂತೆ.

ಈ ಪದ್ಧತಿಗೆ ಎಟುಕದ ವಿಷಯಗಳೂ ಇವೆ. ಅದು ಒಂದು ಸಲಕ್ಕೆ ಒಂದೇ ತಪ್ಪನ್ನು ನೋಡುತ್ತದೆ. ಎರಡು ಸಣ್ಣ ತಪ್ಪು ಕೈಕೈ ಹಿಡಿದು ಬಂದರೆ ಜಾರಿಹೋಗಬಹುದು. ಇನ್ನೊಂದು, ನಕ್ಷೆ ಸುಳ್ಳಾದರೆ ಪರಿಶೀಲನೆಯೂ ಸುಳ್ಳು. ಇಂಗ್ಲೆಂಡಿನ ಫ್ಲಿಕ್ಸ್‌ಬರೊ ಕಾರ್ಖಾನೆಯಲ್ಲಿ 1974ರಲ್ಲಿ ಸಾಲಾಗಿದ್ದ ಆರು ರಿಯಾಕ್ಟರುಗಳಲ್ಲಿ ಐದನೆಯದು ಬಿರುಕು ಬಿಟ್ಟಿತು. ಅದನ್ನು ತೆಗೆದು ನಾಲ್ಕಕ್ಕೂ ಆರಕ್ಕೂ ತಾತ್ಕಾಲಿಕ ಪೈಪು ಜೋಡಿಸಿದರು. ಆ ಪೈಪಿಗೆ ಇದ್ದ ನಕ್ಷೆಯೆಂದರೆ ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಗೆರೆ. ಜೂನ್ 1ರಂದು ಪೈಪು ಹರಿದು ಸ್ಫೋಟವಾಗಿ 28 ಜನ ಸತ್ತರು. ಅಂಥ ಬದಲಾವಣೆ ಯಾವ ಮೇಜಿನ ಮೇಲೂ ಬರದಿದ್ದರೆ ಗೈಡ್ ವರ್ಡು ಏನು ಮಾಡೀತು?

ನಮ್ಮ ಬೀದರಿನ ಪೈಪಿಗೆ ಒಟ್ಟು ಹನ್ನೊಂದು ಶಿಫಾರಸು ಬರೆದೆವು, ಪ್ರತಿಯೊಂದರ ಮುಂದೆ ಯಾರು ಮಾಡಬೇಕು, ಯಾವ ತಾರೀಖಿನೊಳಗೆ ಎಂದು ಸೇರಿಸಿ. ಒಂದು ವರ್ಷದ ಮೇಲೆ ಬೇರೆ ಕೆಲಸಕ್ಕೆ ಹೋದಾಗ ನೋಡಿದೆ. ಡಿಪ್ ಪೈಪಿಗೆ ತೂತು ಬಿದ್ದಿತ್ತು, ವೆಂಟು ತಿರುಗಿತ್ತು, ಡ್ರೈನ್ ವಾಲ್ವ್ ಬಂದಿತ್ತು. ಮೇಲ್ಮಟ್ಟದ ಪ್ರತ್ಯೇಕ ಸ್ವಿಚ್ಚಿನ ಆರ್ಡರ್ ಇನ್ನೂ ಖರೀದಿ ವಿಭಾಗದಲ್ಲಿತ್ತು.